ತೆನೆ ಹಬ್ಬದ ಹಿಂದಿನ ರಾತ್ರಿ ನಾವು ಮಾಡುವ ಆ ಪ್ರಾರ್ಥನೆ



ಆಗಸ್ಟ್ 30ಕ್ಕೆ ಮಾತೆ ಮರಿಯಮ್ಮನವರ ಜನನೋತ್ಸವದ ನೊವೇನ ಶುರುವಾಗುತ್ತದೆ. ಮಕ್ಕಳು ಹೂ ಹಿಡಿದು ಇಗರ್ಜಿಗೆ ಬರುತ್ತಾರೆ. ಸೆಪ್ಟೆಂಬರ್ 8ರಂದು ಗುರುಗಳು ತೆನೆಗಳನ್ನು ಆಶೀರ್ವದಿಸುತ್ತಾರೆ, ಮನೆಗೊಂದರಂತೆ ತೆನೆ ಸಿಗುತ್ತದೆ, ಮಕ್ಕಳ ಕೈಗೆ ಕಬ್ಬು ಬರುತ್ತದೆ. ಮನೆಯಲ್ಲಿ ತೆನೆಯನ್ನು ದೇವರ ಪೀಠದ ಮೇಲಿಟ್ಟು ಪ್ರಾರ್ಥಿಸಿ, ಕಾಳು ಬಿಡಿಸಿ, ಹೊಸ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಮೀನು ಮಾಂಸವಿಲ್ಲದ ಊಟ, ಬಾಳೆ ಎಲೆಯ ಮೇಲೆ. ಕಾಸರಗೋಡಿನಿಂದ ಮಂಜೇಶ್ವರದವರೆಗೆ ನಮ್ಮ ಊರುಗಳಲ್ಲಿ ಮನೆಯವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಲೇಬೇಕಾದ ದಿನ ಇದು. ದೂರದಲ್ಲಿರುವವರಿಗಾಗಿ ಕಾಳನ್ನು ತೆಗೆದಿಡುವ ಮನೆಗಳೂ ಇವೆ.

ಆದ್ದರಿಂದಲೇ ಈ ಹಬ್ಬದಲ್ಲಿ ಸಾಲು ಎಲ್ಲಿ ಮುರಿದಿದೆ ಎಂಬುದೂ ಎದ್ದು ಕಾಣುತ್ತದೆ. ಅಣ್ಣನ ಮನೆಗೆ ತಂಗಿ ಬರುವುದಿಲ್ಲ. ತಮ್ಮ ಗಲ್ಫಿನಿಂದ ಊರಿಗೆ ಬಂದರೂ ಹೆಂಡತಿಯ ತವರಿನಲ್ಲೇ ಇಳಿಯುತ್ತಾನೆ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರ ಮಕ್ಕಳಾದ ನಾವು ಧರ್ಮಶಿಕ್ಷಣದ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ, ಗಾಯನ ಮಂಡಳಿಯಲ್ಲಿ ಒಂದೇ ಪುಸ್ತಕ ಹಿಡಿದು ಹಾಡುತ್ತೇವೆ, ಆದರೆ ಒಬ್ಬರ ಮನೆಯ ಅಂಗಳಕ್ಕೆ ಇನ್ನೊಬ್ಬರು ಕಾಲಿಡುವ ಹಾಗಿಲ್ಲ. ಜಗಳ ಹಿರಿಯರದು, ಅದರ ಬೇಲಿ ನಮಗೂ ಸೇರಿ.

ಇಂಥ ಮನೆಗಳಲ್ಲಿ ಸೆಪ್ಟೆಂಬರ್ 7ರ ರಾತ್ರಿ, ಜಪಸರ ಮುಗಿದ ಮೇಲೆ, ಒಂದು ಪ್ರಾರ್ಥನೆ ನಡೆಯುತ್ತದೆ. "ಸ್ವಾಮೀ, ನಮ್ಮ ಕುಟುಂಬದಲ್ಲಿ ಸಮಾಧಾನ ಕೊಡು. ನಮ್ಮಿಂದ ದೂರವಾದವರ ಮನಸ್ಸನ್ನು ಮೃದು ಮಾಡು." ಎಲ್ಲರೂ ಆಮೆನ್ ಅನ್ನುತ್ತಾರೆ. ಮಾರನೆಯ ದಿನ ಸಾಲು ಹಾಗೆಯೇ ಮುರಿದಿರುತ್ತದೆ. ಮುಂದಿನ ವರ್ಷವೂ ಇದೇ ಪ್ರಾರ್ಥನೆ.

ನಾವು ಇಲ್ಲಿ ಹೇಳಹೊರಟಿರುವುದು ಕೆಲವರಿಗೆ ಕಹಿಯಾಗಬಹುದು. ಈ ಪ್ರಾರ್ಥನೆಯನ್ನು ದೇವರು ಕೇಳುತ್ತಿಲ್ಲ ಎಂದು ಕೊರಗುವುದು ಬೇಡ. ಅದನ್ನು ರಾಜಿಯ ಪ್ರಾರ್ಥನೆ ಎಂದು ಕರೆಯುವುದೇ ತಪ್ಪು. ಮಾಡಬೇಕಾದ ಕೆಲಸವನ್ನು ಇನ್ನೊಂದು ವರ್ಷಕ್ಕೆ ಮುಂದೂಡುವ ಒಂದು ಭಕ್ತಿಯ ದಾರಿ ಅದು.

ಒಂದು ಮನೆಯನ್ನು ಎದುರಿಗೆ ಇಟ್ಟುಕೊಂಡು ನೋಡೋಣ. ಇದು ಯಾರ ಮನೆಯೂ ಅಲ್ಲ, ಆದರೆ ಇದರ ಒಂದೊಂದು ತುಂಡನ್ನು ನಮ್ಮ ಪ್ರತಿಯೊಂದು ವಾಳೆಯಲ್ಲೂ ನಾವು ಕಂಡಿದ್ದೇವೆ. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದಾರೆ. ಮಕ್ಕಳು ಮೂವರು. ಅಣ್ಣ ಹಿರಿಯರ ಮನೆಯಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ, ತಂಗಿಯನ್ನು ಮದುವೆ ಮಾಡಿ ಕೊಟ್ಟಿದೆ, ತಮ್ಮ ಗಲ್ಫಿನಲ್ಲಿದ್ದಾನೆ. ಅಡಿಕೆ, ತೆಂಗು ಇರುವ 90 ಸೆಂಟ್ಸ್ ಜಾಗ ಅಪ್ಪನ ಹೆಸರಿನಲ್ಲಿದೆ, ಉಯಿಲು ಬರೆದಿಲ್ಲ. ನಮ್ಮ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಅಂದರೆ ತಲಾ 30 ಸೆಂಟ್ಸ್.

ಅಮ್ಮನ ಮರಣದ ತಿಂಗಳ ಪೂಜೆ ಮುಗಿದ ವಾರದಲ್ಲಿ ಅಣ್ಣ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. ಬ್ಯಾಂಕಿನ ಸಾಲಕ್ಕೆ ಒಂದು ಸಹಿ ಬೇಕು ಅನ್ನುತ್ತಾನೆ. ಪತ್ರ ಮಲಯಾಳದಲ್ಲಿದೆ, ತಂಗಿ ಓದಿದ್ದು ಕನ್ನಡ ಶಾಲೆಯಲ್ಲಿ. ಅಣ್ಣನಲ್ಲವೇ ಎಂದು ಸಹಿ ಹಾಕುತ್ತಾಳೆ. ಅದು ಹಕ್ಕು ಖುಲಾಸೆ ಪತ್ರ. ತಮ್ಮನಿಗೆ ಅವನ ಪಾಲಿನ ಬದಲು ಹಣ ಸಂದಾಯವಾಗಿದೆ. ತಂಗಿಗೆ ಏನೂ ಇಲ್ಲ. ಗೊತ್ತಾದ ಮೇಲೆ ಕೇಳಿದರೆ, "ನಿನ್ನ ಮದುವೆಗೆ ಖರ್ಚು ಮಾಡಲಿಲ್ಲವೇ?" ಎಂಬ ಉತ್ತರ. ಅಲ್ಲಿಗೆ ಮಾತು ನಿಂತಿತು. ಐದು ವರ್ಷ ಆಯಿತು. ಪ್ರತಿ ತೆನೆ ಹಬ್ಬಕ್ಕೆ ಅತ್ತಿಗೆ ನೆರೆಮನೆಯ ಹುಡುಗನ ಕೈಯಲ್ಲಿ ನಾಲ್ಕು ಕಾಳು ಹೊಸ ಭತ್ತ ಕಳಿಸುತ್ತಾಳೆ. ಅಣ್ಣ ಹಿಂದಿನ ರಾತ್ರಿ ಕಣ್ಣೀರಿಟ್ಟು ಪ್ರಾರ್ಥಿಸುತ್ತಾನೆ: "ಸ್ವಾಮೀ, ನನ್ನ ತಂಗಿಯ ಮನಸ್ಸನ್ನು ಮೃದು ಮಾಡು."

ಆ ಕಣ್ಣೀರು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಪ್ರಾರ್ಥನೆಯ ದಿಕ್ಕನ್ನು ಗಮನಿಸಿ. ಬದಲಾಗಬೇಕಾದವಳು ತಂಗಿ. ಗಟ್ಟಿಯಾಗಿರುವ ಮನಸ್ಸು ಅವಳದು. 30 ಸೆಂಟ್ಸ್ ಜಾಗದ ಮಾತು ಅದರಲ್ಲಿ ಇಲ್ಲವೇ ಇಲ್ಲ. ದೇವರ ಮುಂದೆ ಮಂಡಿಯೂರಿ ಅವನು ತಂಗಿಯ ಮೇಲೆ ಒಂದು ದೂರು ಕೊಟ್ಟು ಎದ್ದು ಬಂದಿದ್ದಾನೆ.

ಇಂಥ ಪ್ರಾರ್ಥನೆಯನ್ನು ಪರೀಕ್ಷಿಸಲು ಒಂದು ಸುಲಭದ ದಾರಿ ಇದೆ. ಮುನಿಸಿಕೊಂಡವರು ಅದೇ ಕೋಣೆಯಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಅದೇ ಮಾತುಗಳನ್ನು ಅವರ ಎದುರಿಗೆ ಗಟ್ಟಿಯಾಗಿ ಹೇಳಬಲ್ಲಿರಾ? ಅಣ್ಣನ ಪ್ರಾರ್ಥನೆಯನ್ನು ತಂಗಿ ಕೇಳಿಸಿಕೊಂಡರೆ ಎದ್ದು ಹೊರಗೆ ಹೋಗುತ್ತಾಳೆ. ಹೋದರೆ ಅವಳನ್ನು ದೂರುವ ಹಾಗಿಲ್ಲ.

ಈಗ ಶುಭಸಂದೇಶವನ್ನು ತೆರೆಯೋಣ. ಈ ವಿಷಯದ ಬಗ್ಗೆ ಯೇಸುಸ್ವಾಮಿ ಎರಡು ಕಡೆ ಮಾತಾಡಿದ್ದಾರೆ. ನಾವು ಎರಡನ್ನೂ ಕಲಸಿ ಒಂದೇ ಮಾಡಿಬಿಟ್ಟಿದ್ದೇವೆ. ನಮ್ಮ ಎಲ್ಲ ಗೊಂದಲದ ಬೇರು ಅಲ್ಲಿದೆ.

ಮೊದಲನೆಯದು ಮತ್ತಾಯನ ಐದನೇ ಅಧ್ಯಾಯ, 23 ಮತ್ತು 24ನೇ ವಚನ. ಬಲಿಪೀಠದ ಹತ್ತಿರ ಕಾಣಿಕೆ ತಂದವನಿಗೆ ತನ್ನ ಸೋದರನಿಗೆ ತನ್ನ ಮೇಲೆ ಏನೋ ಇದೆ ಎಂಬುದು ನೆನಪಾಗುತ್ತದೆ. ಅವನು ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಬೇಕು, ಮೊದಲು ಸೋದರನೊಡನೆ ರಾಜಿಯಾಗಬೇಕು, ಆಮೇಲೆ ಬಂದು ಕಾಣಿಕೆ ಅರ್ಪಿಸಬೇಕು. ದೂರು ಯಾರಿಗೆ ಇದೆ ಎಂಬುದನ್ನು ನೋಡಿ. ಸೋದರನಿಗೆ ಇದೆ. ಹೋಗಬೇಕಾದವನು ಯಾರ ಮೇಲೆ ದೂರು ಇದೆಯೋ ಅವನು. ಎರಡನೆಯದು ಮಾರ್ಕನ ಹನ್ನೊಂದನೇ ಅಧ್ಯಾಯ, 25ನೇ ವಚನ. ಪ್ರಾರ್ಥನೆಗೆ ನಿಂತವನಿಗೆ ಬೇರೆಯವರ ಮೇಲೆ ಏನಾದರೂ ಇದ್ದರೆ ಅವನು ಕ್ಷಮಿಸಬೇಕು. ಇಲ್ಲಿ ದೂರು ಪ್ರಾರ್ಥಿಸುವವನದೇ. ಅವನಿಗೆ ಎದ್ದು ಹೋಗು ಎಂಬ ಮಾತಿಲ್ಲ. ನಿಂತಲ್ಲೇ ಕ್ಷಮಿಸು, ಅಷ್ಟೇ.

ಅಂದರೆ ಅನ್ಯಾಯ ಮಾಡಿದವನ ಪ್ರಾರ್ಥನೆ ಬೇರೆ, ಅನ್ಯಾಯ ಅನುಭವಿಸಿದವರ ಪ್ರಾರ್ಥನೆ ಬೇರೆ. ಮಾಡಿದವನ ಪ್ರಾರ್ಥನೆ ಅವನನ್ನು ಮನೆಯಿಂದ ಎಬ್ಬಿಸಿ ದಾರಿಗೆ ಹಚ್ಚಬೇಕು. ಅನುಭವಿಸಿದವರ ಪ್ರಾರ್ಥನೆ ಎದೆಯೊಳಗಿನ ಸೇಡನ್ನು ಬಿಡಿಸಬೇಕು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಅಣ್ಣ ಕೂತಲ್ಲೇ ಪ್ರಾರ್ಥಿಸುತ್ತಾನೆ. ತಂಗಿಯ ಮನೆಗೆ ಅತ್ತೆಯೋ ಗುರ್ಕಾರರೋ ಹೋಗಿ, "ಹಬ್ಬ ಬಂತು ಮಗಾ, ಕ್ಷಮಿಸಿಬಿಡು, ನೀನೇ ಒಂದು ಹೆಜ್ಜೆ ಮುಂದೆ ಬಾ" ಅನ್ನುತ್ತಾರೆ. ಕ್ಷಮಿಸಬೇಕಾದ ಭಾರವೂ ಅವಳಿಗೆ, ನಡೆಯಬೇಕಾದ ಭಾರವೂ ಅವಳಿಗೆ. ಇದು ಯಾವ ಶುಭಸಂದೇಶದಲ್ಲಿದೆ?

ಹಿರಿಯರು ಇದಕ್ಕೆ ಒಂದು ಮಾತು ಹೇಳುತ್ತಾರೆ. ಕ್ಷಮೆಗೆ ಷರತ್ತಿಲ್ಲ, ಪ್ರಾರ್ಥನೆಯ ಹೊತ್ತಿನಲ್ಲಿ ಜಾಗದ ಪತ್ರ ತೆಗೆಯಬೇಡಿ, ಲೆಕ್ಕ ಇಡುವುದು ಕ್ರೈಸ್ತರಿಗೆ ಒಪ್ಪುವುದಿಲ್ಲ ಎಂದು. ಈ ಮಾತಿನ ಮೊದಲ ಅರ್ಧ ಸರಿ. ತಂಗಿ ಷರತ್ತಿಲ್ಲದೆ ಕ್ಷಮಿಸಬಹುದು, ಅದು ಅವಳು ಕೊಡುವ ಉಡುಗೊರೆ. ಆದರೆ ಅದನ್ನು ಅಣ್ಣ ಕೇಳಿ ವಸೂಲು ಮಾಡುವ ಹಾಗಿಲ್ಲ. ಧರ್ಮಸಭೆಯ ಕ್ರಿಸ್ತೋಪದೇಶವೂ ಇದನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಅದರ 1459ನೇ ಪರಿಚ್ಛೇದದ ಪ್ರಕಾರ ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿದ ಮೇಲೂ ನೆರೆಯವನಿಗೆ ಆದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸುವ ಹೊಣೆ ಉಳಿದಿರುತ್ತದೆ. ಕದ್ದ ವಸ್ತುವನ್ನು ಹಿಂತಿರುಗಿಸುವುದನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಹಾಗಾಗಿ 30 ಸೆಂಟ್ಸಿನ ಮಾತು ಪ್ರಾರ್ಥನೆಯಿಂದ ಹೊರಗಿನ ಮಾತಲ್ಲ.

ಇನ್ನು ಕೆಲವರು ಪಾಲಿನ ತೀರ್ಪನ್ನೂ ದೇವರಿಗೇ ಬಿಡುತ್ತಾರೆ. ಲೂಕನ ಹನ್ನೆರಡನೇ ಅಧ್ಯಾಯದಲ್ಲಿ ಒಬ್ಬ ಇದನ್ನೇ ಮಾಡಿದ. ಅಣ್ಣನಿಗೆ ಹೇಳಿ ಆಸ್ತಿಯ ಪಾಲು ಕೊಡಿಸಿ ಎಂದು ಯೇಸುಸ್ವಾಮಿಯನ್ನು ಕೇಳಿಕೊಂಡ. ಅವರು ಒಪ್ಪಲಿಲ್ಲ. ತನ್ನನ್ನು ಪಾಲುಗಾರನಾಗಿ ನೇಮಿಸಿದವರು ಯಾರು ಎಂದು ಕೇಳಿ, ದುರಾಸೆಯ ಬಗ್ಗೆ ಎಚ್ಚರಿಸಿದರು. ಪಾಲು ಹಾಕಲು ಕಾನೂನಿದೆ, ಸರ್ವೆಯವರಿದ್ದಾರೆ, ಅಳತೆಯ ಸರಪಳಿ ಇದೆ. ಪ್ರಾರ್ಥನೆ ಕೆಲಸ ಮಾಡಬೇಕಾದ ಜಾಗ ಮುಷ್ಟಿಯೊಳಗಿನ ದುರಾಸೆ.

ಹಾಗಾದರೆ ಸರಿಯಾದ ಪ್ರಾರ್ಥನೆ ಹೇಗಿರುತ್ತದೆ? ಪವಿತ್ರಗ್ರಂಥದಲ್ಲಿ ಒಂದು ಮಾದರಿ ಇದೆ. ಆದಿಕಾಂಡದ 32 ಮತ್ತು 33ನೇ ಅಧ್ಯಾಯಗಳಲ್ಲಿ ಯಕೋಬನ ಕಥೆ. ಅಣ್ಣ ಏಸಾವನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಮೋಸದಿಂದ ಪಡೆದು ಓಡಿಹೋದವನು ಇಪ್ಪತ್ತು ವರ್ಷ ಲಾಬಾನನ ಮನೆಯಲ್ಲಿದ್ದು ಹಿಂತಿರುಗುತ್ತಾನೆ. ಏಸಾವ ನಾನೂರು ಜನರೊಂದಿಗೆ ಎದುರು ಬರುತ್ತಿದ್ದಾನೆ ಎಂಬ ಸುದ್ದಿ ಬರುತ್ತದೆ. ಯಕೋಬ ಪ್ರಾರ್ಥಿಸುತ್ತಾನೆ. ಆ ಪ್ರಾರ್ಥನೆಯಲ್ಲಿ ಅಣ್ಣನ ಹೆಸರಿದೆ. ತನಗೆ ಹೆದರಿಕೆಯಾಗಿದೆ ಎಂಬ ಮಾತಿದೆ. ದೇವರು ತೋರಿದ ದಯೆಗೆ ತಾನು ಯೋಗ್ಯನಲ್ಲ ಎಂಬ ಮಾತಿದೆ. ಅಣ್ಣನ ಮನಸ್ಸು ಗಟ್ಟಿ ಎಂಬ ದೂರು ಇಲ್ಲ.

ಪ್ರಾರ್ಥನೆ ಮುಗಿಸಿ ಅವನು ಮಲಗಿಬಿಡಲಿಲ್ಲ. ಅಣ್ಣನಿಗಾಗಿ ತನ್ನ ಹಿಂಡಿನಿಂದ ಬೇರ್ಪಡಿಸಿದ. 200 ಆಡು, 20 ಹೋತ, 200 ಕುರಿ, 20 ಟಗರು, ಮರಿಗಳಿರುವ 30 ಒಂಟೆ, 40 ಹಸು, 10 ಹೋರಿ, 20 ಹೆಣ್ಣುಗತ್ತೆ, 10 ಗಂಡುಗತ್ತೆ. ಒಂಟೆಯ ಮರಿಗಳನ್ನು ಬಿಟ್ಟರೂ ಒಟ್ಟು 550. ಗ್ರಂಥ ಇಷ್ಟು ಕಟ್ಟುನಿಟ್ಟಾಗಿ ಎಣಿಸಿ ಬರೆದಿರುವುದು ಯಾಕೆ? ಪಶ್ಚಾತ್ತಾಪಕ್ಕೂ ಒಂದು ಲೆಕ್ಕ ಇರುತ್ತದೆ ಎಂದು ತೋರಿಸಲು ಎಂದೇ ನಾವು ಓದಿಕೊಳ್ಳುತ್ತೇವೆ. ಭೇಟಿಯ ಹೊತ್ತಿಗೆ ಯಕೋಬ ತಾನೇ ಎಲ್ಲರಿಗಿಂತ ಮುಂದೆ ನಡೆದು ಏಳು ಸಲ ನೆಲಕ್ಕೆ ಬಾಗಿದ. ಏಸಾವ ಓಡಿ ಬಂದು ಅಪ್ಪಿಕೊಂಡ. ತನಗೆ ಬೇಕಾದಷ್ಟಿದೆ, ಇದೆಲ್ಲ ಬೇಡ ಎಂದ. ನಮ್ಮವರಾಗಿದ್ದರೆ ಅಲ್ಲಿಗೆ, "ನೋಡು, ಅವನೇ ಬೇಡ ಅಂದ" ಎಂದು ಹಿಂಡನ್ನು ಮನೆಗೆ ಹೊಡೆದುಕೊಂಡು ಬರುತ್ತಿದ್ದರು. ಯಕೋಬ ಬಿಡಲಿಲ್ಲ, ಒತ್ತಾಯಿಸಿ ಕೊಟ್ಟ. ಕೊಡುವಾಗ ಮೂಲ ಹೀಬ್ರೂವಿನಲ್ಲಿ ಅವನು ಬಳಸುವ ಪದ "ಬೆರಾಖಾ", ಅಂದರೆ ಆಶೀರ್ವಾದ. 27ನೇ ಅಧ್ಯಾಯದಲ್ಲಿ ಅವನು ಕದ್ದದ್ದಕ್ಕೂ ಇದೇ ಪದ. ಯಾವುದನ್ನು ತೆಗೆದುಕೊಂಡಿದ್ದನೋ ಅದರ ಹೆಸರು ಹಿಡಿದೇ ಹಿಂತಿರುಗಿಸಿದ.

ನಮ್ಮ ಮನೆಯ ಅಣ್ಣ ಇದನ್ನು ಮಾಡುವುದು ಹೇಗೆ? ಸೆಪ್ಟೆಂಬರ್ 7ರ ರಾತ್ರಿ ಇದಕ್ಕೆಲ್ಲ ಹೊತ್ತಿಲ್ಲ. ನೊವೇನಕ್ಕೆ ಒಂಬತ್ತು ದಿನ ಇರುವುದರಿಂದ ಮೊದಲ ದಿನದಿಂದಲೇ ಶುರುಮಾಡಲಿ. ಮೊದಲ ಎರಡು ದಿನ ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆಯಲಿ. "ಅಮ್ಮ ಸತ್ತ ತಿಂಗಳಲ್ಲೇ ತಂಗಿಗೆ ಸಾಲದ ಪತ್ರ ಎಂದು ಹೇಳಿ ಹಕ್ಕು ಖುಲಾಸೆಗೆ ಸಹಿ ಹಾಕಿಸಿದೆ. ಅವಳ 30 ಸೆಂಟ್ಸ್ ನನ್ನಲ್ಲಿದೆ." ಇಷ್ಟು ಸಾಕು. ಆದರೆ, ಯಾಕೆಂದರೆ, ಮದುವೆ ಖರ್ಚು ಎಂಬ ಪದಗಳು ಆ ಹಾಳೆಯಲ್ಲಿ ಬರಬಾರದು. ಆಮೇಲೆ ಪಾಪನಿವೇದನೆಗೆ ಹೋಗಲಿ. ಹಬ್ಬದ ಹಿಂದಿನ ದಿನದ ಉದ್ದ ಸಾಲಿನಲ್ಲಿ ನಿಂತು ಮೂರು ನಿಮಿಷದಲ್ಲಿ ಮುಗಿಸುವ ವಿಷಯವಲ್ಲ ಇದು. ಗುರುಗಳಲ್ಲಿ ಬೇರೆ ಸಮಯ ಕೇಳಲಿ.

ನಡುವಿನ ಒಂದು ದಿನ ತಂಗಿಯ ಮನೆಗೆ ಒಬ್ಬನೇ ಹೋಗಲಿ. ಮತ್ತಾಯನ 18ನೇ ಅಧ್ಯಾಯದಲ್ಲಿ ಸೋದರನ ತಪ್ಪನ್ನು ತಿಳಿಸುವ ಕ್ರಮ ಹೀಗೆಯೇ ಇದೆ. ಮೊದಲು ಇಬ್ಬರೇ ಮಾತಾಡಬೇಕು, ಆಗದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು, ಸಭೆಗೆ ಹೇಳುವುದು ಕೊನೆಗೆ. ತಪ್ಪು ಒಪ್ಪಿಕೊಳ್ಳಲು ಹೋಗುವವನಿಗೂ ಇದೇ ಕ್ರಮ ಒಳ್ಳೆಯದು. ನಾವು ಮಾಡುವುದು ತಿರುಗಾಮುರುಗಾ. ಮೊದಲು ಕುಟುಂಬದ ವಾಟ್ಸಾಪ್ ಗುಂಪಿಗೆ, ಆಮೇಲೆ ಒಬ್ಬಿಬ್ಬರು ನೆಂಟರಿಗೆ, ಯಾರಿಗೆ ಹೇಳಬೇಕೋ ಅವರಿಗೆ ಎಂದಿಗೂ ಇಲ್ಲ.

ಹೋದವನು ಏನು ಹೇಳುತ್ತಾನೆ ಎಂಬುದರ ಮೇಲೆ ಎಲ್ಲ ನಿಂತಿದೆ. "ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠವಾದ ಮಾತು. ಆ "ಆಗಿದ್ದರೆ" ಎಂಬಲ್ಲಿಯೇ ಮಾತು ಸತ್ತುಹೋಗುತ್ತದೆ. ತಪ್ಪಾಗಿದೆಯೋ ಇಲ್ಲವೋ ಎಂಬ ವಿಚಾರಣೆಯನ್ನು ಮತ್ತೆ ತಂಗಿಯ ತಲೆಗೇ ಕಟ್ಟಿದ ಹಾಗಾಯಿತು. ಅವನು ಹಾಳೆಯಲ್ಲಿ ಬರೆದುಕೊಂಡದ್ದನ್ನೇ ಹೇಳಲಿ. "ತಂಗೀ, ನಿನಗೆ ಸುಳ್ಳು ಹೇಳಿ ಸಹಿ ಹಾಕಿಸಿದೆ. ನಿನ್ನ ಪಾಲು ನನ್ನಲ್ಲಿದೆ. ಅದನ್ನು ಹೇಗೆ ಹಿಂತಿರುಗಿಸಬೇಕು, ನೀನು ಹೇಳು." ಆಮೇಲೆ ಸುಮ್ಮನೆ ಕೂರಲಿ. ಅವಳು ಬೈದರೆ ಬೈಸಿಕೊಳ್ಳಲಿ. ಊಟಕ್ಕೆ ಕರೆಯುವುದು ಆ ದಿನದ ಮಾತಲ್ಲ.

ಹಿಂತಿರುಗಿಸುವ ದಾರಿಗಳಿವೆ. ಜಾಗವನ್ನೇ ಅಳೆದು ಅವಳ ಹೆಸರಿಗೆ ಹೊಸದಾಗಿ ರಿಜಿಸ್ಟರ್ ಮಾಡಿಕೊಡಬಹುದು. ಅದರ ಮುದ್ರಾಂಕದ ಖರ್ಚು ಅಣ್ಣನದು. ಜಾಗ ಬೇಡವೆಂದರೆ ಇಬ್ಬರೂ ಒಪ್ಪಿದ ಇಂದಿನ ಬೆಲೆಯನ್ನು ಕಂತಿನಲ್ಲಾದರೂ ಕೊಡಬಹುದು. ಯಾವುದೇ ಆದರೂ ಬರಹದಲ್ಲಿರಲಿ, ಅವಳು ಓದಬಲ್ಲ ಭಾಷೆಯಲ್ಲಿ ಅವಳಿಗೆ ತಿಳಿಯುವ ಹಾಗೆ ಇರಲಿ.

ಈ ಎಲ್ಲದರ ನಡುವೆ ಅವನು ದಿನವೂ ಮಾಡಬಹುದಾದ ಪ್ರಾರ್ಥನೆಯನ್ನು ನಾವು ಹೀಗೆ ಬರೆದಿದ್ದೇವೆ:

"ಸ್ವಾಮೀ, ನನ್ನ ತಂಗಿಗೆ ನಾನು ಮೋಸ ಮಾಡಿದ್ದೇನೆ. ಅವಳ ಪಾಲನ್ನು ತಿಂದು ನಿನ್ನ ಪೀಠದ ಮೇಲೆ ಹೊಸ ತೆನೆ ಇಟ್ಟಿದ್ದೇನೆ. ಅವಳ ಮನಸ್ಸಿನ ಮಾತು ಈಗ ಬೇಡ, ನನ್ನ ಮುಷ್ಟಿಯನ್ನು ಬಿಡಿಸು. ಅವಳ ಬಾಗಿಲಿನವರೆಗೆ ನಡೆಯುವ ಕಾಲು ಕೊಡು. ಅಲ್ಲಿ ನೆಪ ಹೇಳದ ನಾಲಿಗೆ ಕೊಡು. ಅವಳು ಇಲ್ಲ ಎಂದರೂ ಕೊಡಬೇಕಾದದ್ದನ್ನು ಕೊಟ್ಟೇ ಬರುವ ಹಾಗೆ ಮಾಡು. ಆಮೆನ್."

ತಂಗಿಯ ಪ್ರಾರ್ಥನೆ ಬೇರೆ:

"ಸ್ವಾಮೀ, ನನಗೆ ಆದದ್ದು ನಿನಗೆ ಗೊತ್ತು. ಅದು ಆಗಲೇ ಇಲ್ಲ ಎಂದು ನಟಿಸಲು ನನ್ನನ್ನು ಕೇಳಬೇಡ. ಅಣ್ಣ ಹಾಳಾಗಲಿ ಎಂಬ ಆಸೆಯನ್ನು ಮಾತ್ರ ನನ್ನಿಂದ ತೆಗೆ. ಅವನ ಮಕ್ಕಳನ್ನು ನೋಡಿದರೆ ನನ್ನ ಮುಖ ತಿರುಗದಿರಲಿ. ಅವನು ಸತ್ಯ ಹೇಳಿಕೊಂಡು ಬಂದ ದಿನ ಬಾಗಿಲು ತೆರೆಯುವ ಧೈರ್ಯ ಕೊಡು. ಬಾರದಿದ್ದರೂ ನನ್ನ ಬದುಕು ಅಲ್ಲಿಯೇ ನಿಲ್ಲದಿರಲಿ. ಆಮೆನ್."

ಎರಡನ್ನೂ ಆ ಕೋಣೆಯ ಪರೀಕ್ಷೆಗೆ ಹಚ್ಚಿ ನೋಡಿ. ಅಣ್ಣನದನ್ನು ತಂಗಿ ಕೇಳಬಹುದು, ತಂಗಿಯದನ್ನು ಅಣ್ಣ ಕೇಳಬಹುದು. ಯಾರೂ ಎದ್ದು ಹೋಗಬೇಕಾಗಿಲ್ಲ.

ಎಲ್ಲ ಜಗಳಗಳೂ ಇಷ್ಟು ನೇರವಾಗಿರುವುದಿಲ್ಲ ಎಂಬುದು ನಿಜ. ಇಬ್ಬರದೂ ತಪ್ಪಿರುವ ಮನೆಗಳಿವೆ. ಅಲ್ಲಿ ಇಬ್ಬರೂ ಎರಡೂ ಪ್ರಾರ್ಥನೆ ಮಾಡಲಿ, ಆದರೆ ತಂತಮ್ಮ ಹಾಳೆಯಲ್ಲಿ ತಂತಮ್ಮದನ್ನೇ ಬರೆಯಲಿ. ಹೊಡೆತ ಬಡಿತ ನಡೆದ ಮನೆಗಳಿವೆ, ಕುಡಿದು ಬಂದು ಬಾಗಿಲು ಒದ್ದ ತಮ್ಮಂದಿರಿದ್ದಾರೆ. ಅಂಥವರೊಂದಿಗೆ ಹಬ್ಬದ ಹೆಸರಿನಲ್ಲಿ ಒಂದೇ ಸಾಲಿನಲ್ಲಿ ಕೂರಲು ಯಾರನ್ನೂ ಒತ್ತಾಯಿಸಬಾರದು. ಕ್ಷಮಿಸಿದವರು ದೂರವೇ ಇರಬಹುದು. ಯಕೋಬನೂ ಏಸಾವನೂ ಅಪ್ಪಿಕೊಂಡ ಮೇಲೆ ಒಂದೇ ಊರಿನಲ್ಲಿ ಇರಲಿಲ್ಲ. ಏಸಾವ ಸೇಯೀರಿಗೆ ಹೋದ, ಯಕೋಬ ಸುಕ್ಕೋತಿನಲ್ಲಿ ಮನೆ ಕಟ್ಟಿದ. ಆದರೆ ತಂದೆ ಇಸಾಕ ತೀರಿಕೊಂಡಾಗ ಇಬ್ಬರೂ ಕೂಡಿ ಮಣ್ಣು ಮಾಡಿದರು. ಅಷ್ಟೂ ರಾಜಿಯೇ.

ಒಂಬತ್ತು ದಿನದಲ್ಲಿ ಎಲ್ಲ ಮುಗಿಯದೆಯೂ ಇರಬಹುದು. ತಂಗಿ ಈ ವರ್ಷ ಬಾರದಿದ್ದರೆ ಅವಳಿಗಾಗಿ ಖಾಲಿ ಎಲೆ ಹಾಕಿ ನೆಂಟರ ಮುಂದೆ ಕಣ್ಣೊರೆಸಿಕೊಳ್ಳುವ ಪ್ರದರ್ಶನ ಬೇಡ. ಹೊಸ ಭತ್ತದ ಕಾಳನ್ನು ನೆರೆಮನೆಯ ಹುಡುಗನ ಕೈಯಲ್ಲಿ ಕಳಿಸುವುದೂ ಬೇಡ, ಅಣ್ಣ ತಾನೇ ಒಯ್ದು ಕೊಡಲಿ. ಸರ್ವೆಗೆ ಅರ್ಜಿ ಹಾಕಿದ ದಿನವೇ ರಾಜಿ ಶುರುವಾಗಿದೆ, ಊಟ ಮುಂದಿನ ವರ್ಷ ಆದರೂ ಆದೀತು.

ಗುರುಗಳಲ್ಲಿ, ಗುರ್ಕಾರರಲ್ಲಿ ನಮ್ಮ ಕೋರಿಕೆ ಎರಡೇ. ನೊವೇನದ ದಿನಗಳಲ್ಲಿ ಕುಟುಂಬದ ಸಮಾಧಾನಕ್ಕಾಗಿ ವಿಶ್ವಾಸಿಗಳ ಪ್ರಾರ್ಥನೆ ಇಡುವಾಗ, ಅನ್ಯಾಯ ಮಾಡಿದವರಿಗೆ ಹಿಂತಿರುಗಿಸುವ ಮನಸ್ಸು ಸಿಗಲಿ ಎಂಬ ಒಂದು ವಾಕ್ಯವನ್ನು ಸೇರಿಸಿ. ವಾಳೆಯಲ್ಲಿ ರಾಜಿ ಮಾಡಿಸಲು ಹೊರಟಾಗ, ಅನ್ಯಾಯವಾದವರ ಮನೆಯ ಬಾಗಿಲನ್ನು ಮೊದಲು ತಟ್ಟಬೇಡಿ. ಜಾಗ ಯಾರ ಕೈಯಲ್ಲಿದೆಯೋ ಅವರ ಮನೆಗೆ ಮೊದಲು ಹೋಗಿ.

ನೊವೇನ ಶುರುವಾಗುವ ಮೊದಲು ಒಂದು ಬಿಳಿ ಹಾಳೆ ಹುಡುಕಿಟ್ಟುಕೊಳ್ಳಿ.